ರಿಪೋರ್ಟಿಗೆಂದು ಕೊಟ್ಟ ಫೋನ್ ನಂಬರು

“ನಂಬರು ನಾವೇ ಬರೆಸಿದ್ದಲ್ಲವೇ ಸಾರ್, ಇನ್ನು ಯಾರನ್ನು ಕೇಳೋದು?” ಮೈಸೂರು, ಮಂಡ್ಯದ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಒಂದು ಕೆಲಸಕ್ಕೆ ಕೊಟ್ಟ ಮಾಹಿತಿಯ ಮೇಲೆ ನಮಗಿನ್ನು ಹಕ್ಕಿಲ್ಲ ಎಂಬ ಈ ನಂಬಿಕೆ ತಪ್ಪು. ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಂಡು ಅದನ್ನು ಪರೀಕ್ಷಿಸೋಣ.

ಮಂಡ್ಯದ ಮಹಿಳೆಯೊಬ್ಬರು ಲ್ಯಾಬೊಂದರಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯಲು ರಕ್ತ ಕೊಡುತ್ತಾರೆ ಮತ್ತು ರಿಪೋರ್ಟನ್ನು ವಾಟ್ಸ್ಆ್ಯಪ್‌ಗೆ ಕಳಿಸಲು ಹೇಳಿ ನಂಬರು ಬರೆಸುತ್ತಾರೆ. ಸಂಜೆ ರಿಪೋರ್ಟ್ ಬರುತ್ತದೆ. ಇದಕ್ಕೆ ಸಹಿ ಹಾಕಿದ ಒಪ್ಪಿಗೆ ಪತ್ರವೇನೂ ಬೇಕಿಲ್ಲ. ವ್ಯಕ್ತಿ ತಾನಾಗಿಯೇ ಒಂದು ನಿರ್ದಿಷ್ಟ ಉದ್ದೇಶಕ್ಕೆ ಮಾಹಿತಿ ಕೊಟ್ಟು, ಬೇಡವೆಂದು ಸೂಚಿಸದಿದ್ದರೆ, ಆ ಉದ್ದೇಶದ ಮಟ್ಟಿಗೆ ಅದನ್ನು ಬಳಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂ ಅವಕಾಶ ಕೊಡುತ್ತದೆ.

ತಿಂಗಳ ನಂತರ ಅದೇ ಲ್ಯಾಬು “ಪೂರ್ಣ ದೇಹ ತಪಾಸಣೆಗೆ ರಿಯಾಯಿತಿ” ಎಂಬ ಸಂದೇಶ ಕಳಿಸುತ್ತದೆ ಎಂದುಕೊಳ್ಳಿ. ನಂಬರು ಅದೇ, ಲ್ಯಾಬೂ ಅದೇ, ಆದರೆ ಉದ್ದೇಶ ಬೇರೆ. ಜಾಹೀರಾತು ಕಾನೂನುಬಾಹಿರ ಕೆಲಸವಲ್ಲ, ಆದರೂ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು. ಉದ್ದೇಶ ಕಾನೂನುಬದ್ಧವೇ, ಅದಕ್ಕೆ ಒಪ್ಪಿಗೆ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು, ಒಂದಕ್ಕೆ ಹೌದೆಂಬ ಉತ್ತರ ಸಿಕ್ಕಿದ ಮಾತ್ರಕ್ಕೆ ಇನ್ನೊಂದು ತೀರಿಹೋಗುವುದಿಲ್ಲ.

ಲ್ಯಾಬಿನವರು ರಸೀದಿಯ ಹಿಂಬದಿಯ ಸಣ್ಣಕ್ಷರದ ಸಾಲೊಂದನ್ನು ತೋರಿಸಬಹುದು: “ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಲು ಒಪ್ಪಿರುತ್ತೀರಿ.” ಆ ಸಾಲು ನಿಲ್ಲುವುದು ಕಷ್ಟ. ಕಾಯ್ದೆಯ 6ನೇ ಕಲಮಿನ ಪ್ರಕಾರ ಒಪ್ಪಿಗೆಯು ಮುಕ್ತವಾಗಿ, ವಿಷಯ ತಿಳಿದು, ಷರತ್ತಿಲ್ಲದೆ, ಒಂದು ನಿರ್ದಿಷ್ಟ ಉದ್ದೇಶಕ್ಕೆ, ಸ್ಪಷ್ಟವಾದ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು, ಮತ್ತು ಆ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗೆ ಮಾತ್ರ ಅನ್ವಯಿಸಬೇಕು. ಪಾಲುದಾರರು ಯಾರು, ಹಂಚಿಕೆ ಯಾತಕ್ಕೆ ಎಂಬುದನ್ನೇ ಹೇಳದ ಸಾಲಿಗೆ ರಕ್ತ ಕೊಡುವ ಅವಸರದಲ್ಲಿ ಸಹಿ ಬಿದ್ದಿದ್ದರೆ ಈ ಯಾವ ಅಂಶವೂ ಪೂರೈಸಿದಂತಾಗುವುದಿಲ್ಲ. ಒಪ್ಪಿಗೆ ಪಡೆಯುವ ಮುಂಚಿನ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕಾಯ್ದೆ ಕೊಟ್ಟಿದೆ. ಒಪ್ಪಿಗೆ ಸರಿಯಾಗಿ ಪಡೆದಿದ್ದೇವೆಂದು ಸಾಬೀತುಪಡಿಸುವ ಹೊಣೆ ಲ್ಯಾಬಿನದೇ ಹೊರತು ಆ ಮಹಿಳೆಯದಲ್ಲ.

ಇನ್ನೊಂದು ತಿರುವು. ಆಕೆಯ ಮಗಳಿಗೆ ಸಂಬಂಧ ನೋಡುತ್ತಿರುವ ಕುಟುಂಬವೊಂದು ಪರಿಚಯದ ನೌಕರನ ಮೂಲಕ ಆಕೆಯ ರಿಪೋರ್ಟನ್ನು ತರಿಸಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಇದನ್ನು “ವಿಚಾರಿಸೋದು” ಎಂದು ಹಗುರವಾಗಿ ನೋಡುವವರಿದ್ದಾರೆ. ನನ್ನ ಮಟ್ಟಿಗೆ ಈ ಪ್ರಸಂಗಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು ಇದೇ, ಏಕೆಂದರೆ ಜಾಹೀರಾತಿನ ಕಿರಿಕಿರಿ ತಪ್ಪಿಸಬಹುದು, ಆದರೆ ಕಾಯಿಲೆಯ ಸುದ್ದಿ ಒಮ್ಮೆ ಹೊರಬಿದ್ದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಖಾಸಗಿತನವು ಸಂವಿಧಾನದ 21ನೇ ವಿಧಿಯ ಅಂಗವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ.

ಹಾಗೆಂದು ಒಪ್ಪಿಗೆಯಿಲ್ಲದ ಬಳಕೆಯೆಲ್ಲ ತಪ್ಪಲ್ಲ. ಆಕೆ ಪ್ರಜ್ಞೆ ತಪ್ಪಿ ಬಿದ್ದು, ತುರ್ತು ಚಿಕಿತ್ಸೆಗೆಂದು ವೈದ್ಯರು ಲ್ಯಾಬಿನಿಂದ ಹಳೆಯ ರಿಪೋರ್ಟ್ ತರಿಸಿಕೊಂಡರೆ ಅದಕ್ಕೆ ಇದೇ 7ನೇ ಕಲಂ ಅನುಮತಿಸುತ್ತದೆ.

ಪರಿಹಾರದ ವಿಷಯದಲ್ಲಿ ಎರಡು ಮಿತಿಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದರೂ, ಒಪ್ಪಿಗೆಯಂಥ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಅವಧಿ ಇಡಲಾಗಿದೆ. ಎರಡನೆಯದಾಗಿ, ದತ್ತಾಂಶ ಸಂರಕ್ಷಣಾ ಮಂಡಳಿ ವಿಧಿಸುವ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ನೊಂದವರ ಕೈಗಲ್ಲ.

ಆದ್ದರಿಂದ ಪರಿಹಾರ ಬೇಕೆನ್ನುವವರಿಗೆ ನಾನು ಸೂಚಿಸುವ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ಬಿಟ್ಟುಕೊಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ, ಮತ್ತು ಸೇವೆಗೆ ತೆತ್ತ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಕಷ್ಟವಿರುವುದು ಸೋರಿಕೆಯ ಮೂಲವನ್ನು ತೋರಿಸುವುದರಲ್ಲಿ, ಏಕೆಂದರೆ ನಾವು ನಂಬರು ಕೊಟ್ಟ ಕಡೆಗಳು ಹಲವಾರು. ಇಲ್ಲಿ ಚಿಕ್ಕ ವಿವರಗಳೇ ಆಧಾರವಾಗುತ್ತವೆ. ಲ್ಯಾಬಿನ ಬಿಲ್ಲಿನಲ್ಲಿ ಹೆಸರಿನ ಕಾಗುಣಿತ ತಪ್ಪಾಗಿದ್ದು, ಸಕ್ಕರೆ ಕಾಯಿಲೆಯ ಔಷಧ ಮಾರುವವನ ಸಂದೇಶದಲ್ಲೂ ಅದೇ ತಪ್ಪು ಕಾಣಿಸಿಕೊಂಡರೆ ಮೂಲ ಯಾವುದೆಂಬುದಕ್ಕೆ ಬಲವಾದ ಸೂಚನೆ ಸಿಕ್ಕಂತೆ. ಹಾಗಾಗಿ ಸಿಟ್ಟಿನಲ್ಲಿ ಸಂದೇಶವನ್ನು ಅಳಿಸಿಹಾಕದೆ, ದಿನಾಂಕ ಮತ್ತು ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಬಿಲ್ಲಿನೊಂದಿಗೆ ಇಟ್ಟುಕೊಳ್ಳಬೇಕು, ಮತ್ತು ದೂರು ಕೊಡುವ ಮುನ್ನ ಮಾಹಿತಿಯನ್ನು ಯಾರಿಗೆ ಕೊಟ್ಟಿರಿ ಎಂದು ಲ್ಯಾಬಿಗೆ ಬರಹದಲ್ಲಿ ಕೇಳಬೇಕು.