ಹೆಬ್ಬುಲಿ ಕಟಿಂಗ್ ಮತ್ತು ಗೇಟಿನ ಪುಸ್ತಕ

ಎರಡು ವರ್ಷದ ಹಿಂದೆ ಹಾಸನದ ಒಂದು ಪಿಯು ಕಾಲೇಜಿನಿಂದ ಫೋನ್ ಬಂತು. ಪೋಷಕರ ಸಭೆ ಇದೆ, ಬಂದು ನಾಲ್ಕು ಮಾತಾಡಿ ಅಂದರು. ನಾನು ಸಮಾಜಶಾಸ್ತ್ರ ಪಾಠ ಮಾಡುವವಳು. ವಿಷಯ ಏನು ಅಂತ ಕೇಳಿದೆ.

"ಹುಡುಗರು ಗ್ಯಾಂಗ್ ಕಟ್ಟಿಕೊಂಡಿದ್ದಾರೆ ಮೇಡಂ. ರೀಲ್ಸ್ ನೋಡಿ ನೋಡಿ ಎಲ್ಲರದೂ ಹೆಬ್ಬುಲಿ ಕಟಿಂಗು. ಗಾಂಜಾನೂ ಇದೆ ಅಂತಾರೆ."

ಕೂದಲು, ರೀಲ್ಸ್, ಗಾಂಜಾ. ಮೂರೂ ಒಂದೇ ಉಸಿರಲ್ಲಿ ಬಂದವು. ಇವು ಒಂದಕ್ಕೊಂದು ಹೇಗೆ ಅಂಟಿಕೊಂಡವು ಅಂತ ನೋಡಬೇಕು ಅನ್ನಿಸಿತು. ಸಭೆಗೆ ಮೊದಲು ಎರಡು ದಿನ ಅಲ್ಲಿಗೆ ಹೋಗಿ ಕೂತೆ.

ನಡೆದದ್ದು ಇಷ್ಟು. ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗರು ಸೀಟಿನ ವಿಷಯಕ್ಕೆ ಕೈ ಕೈ ಮಿಲಾಯಿಸಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದರು. ಇಬ್ಬರಲ್ಲಿ ಒಬ್ಬನಿಗೆ ಆ ಕಟಿಂಗ್ ಇತ್ತು, ಪಕ್ಕದಲ್ಲಿ ನುಣ್ಣಗೆ, ನೆತ್ತಿಯ ಮೇಲೆ ದಟ್ಟ. ವಾಟ್ಸಾಪಿನಲ್ಲಿ ಅದು ಹರಿದಾಡುವಾಗ ಮೇಲೊಂದು ಸಾಲು ಸೇರಿಕೊಂಡಿತ್ತು: "ಹಾಸನದ ಕಾಲೇಜುಗಳಲ್ಲಿ ಹುಡುಗರ ಗ್ಯಾಂಗ್‌ಗಳು, ಪೋಷಕರೇ ಎಚ್ಚರ." ಇದ್ದದ್ದು ಒಂದು ಕಾಲೇಜು, ಇಬ್ಬರು ಹುಡುಗರು. ಒಂದು ಇದ್ದದ್ದು ಹಲವು ಆದದ್ದು ಆ ಸಾಲಿನಲ್ಲಿ.

ಇದನ್ನು ಓದಿದಾಗ ನನಗೆ ಕ್ಲ್ಯಾಕ್ಟನ್ ನೆನಪಾಯಿತು. ಇಂಗ್ಲೆಂಡಿನ ಕಡಲ ತೀರದ ಚಿಕ್ಕ ಊರು ಅದು. 1964ರ ಈಸ್ಟರ್ ರಜೆಗೆ ಅಲ್ಲಿಗೆ ಲಂಡನ್ನಿನ ಹುಡುಗ ಹುಡುಗಿಯರು ಬಂದಿದ್ದರು. ಚಳಿ, ಮಳೆ, ಮಾಡಲು ಕೆಲಸವಿಲ್ಲ. ತಳ್ಳಾಟ ಆಯಿತು, ಕಲ್ಲು ತೂರಿದರು, ಕಿಟಕಿ ಗಾಜು ಒಡೆದವು. ಮಾರನೇ ದಿನದ ಪತ್ರಿಕೆಗಳಲ್ಲಿ ಊರನ್ನೇ ಲೂಟಿ ಮಾಡಿದ ಹಾಗೆ ಸುದ್ದಿ. ಸ್ಕೂಟರಿನವರು 'ಮಾಡ್ಸ್', ಬೈಕಿನವರು 'ರಾಕರ್ಸ್', ಇಬ್ಬರ ನಡುವೆ ಯುದ್ಧ ಅಂತ ಬರೆದರು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ ಆ ಸುದ್ದಿಗಳನ್ನು ಒಂದೊಂದಾಗಿ ತಾಳೆ ನೋಡಿದರು. ತೀರದ ಡ್ಯಾನ್ಸ್ ಹಾಲ್‌ಗಳನ್ನೆಲ್ಲ ಪುಡಿ ಮಾಡಿದರು ಅಂತ ಒಂದು ಪತ್ರಿಕೆ ಬರೆದಿತ್ತು. ಊರಲ್ಲಿದ್ದದ್ದು ಒಂದೇ ಹಾಲ್, ಅದರ ಕೆಲವು ಗಾಜು ಒಡೆದಿದ್ದವು. ಊರಿಗಾದ ಒಟ್ಟು ನಷ್ಟದ ಅಂದಾಜು 513 ಪೌಂಡ್. ಹಾನಿ ಆಗಲಿಲ್ಲ ಅಂತ ಕೋಹೆನ್ ಹೇಳಲಿಲ್ಲ. ಹಾನಿಗೂ ಅದರ ಮೇಲೆ ಎದ್ದ ಗದ್ದಲಕ್ಕೂ ಎಷ್ಟು ದೂರ ಅಂತ ಅಳೆದರು. 1972ರಲ್ಲಿ ಬಂದ ಅವರ ಪುಸ್ತಕದಿಂದ 'ಮಾರಲ್ ಪ್ಯಾನಿಕ್' ಎಂಬ ಮಾತು ಎಲ್ಲ ಕಡೆ ಹರಡಿತು. ಲೋಕವೇ ಕೆಟ್ಟುಹೋಯಿತು ಎಂಬ ದಿಗಿಲು ಊರಿಗೆಲ್ಲ ಒಟ್ಟಿಗೆ ಹಿಡಿಯುವುದಕ್ಕೆ ಆ ಹೆಸರು.

ಅವರು ತೋರಿಸಿದ ಇನ್ನೊಂದು ಸಂಗತಿ ನನ್ನ ಕೆಲಸಕ್ಕೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಗಲಾಟೆ ಸುದ್ದಿಯಾದ ಮೇಲೆ ಸ್ಕೂಟರು, ಉದ್ದ ಕೋಟು, ತಲೆಗೂದಲು ಇವೇ ಗುರುತಾದವು. ಗಲಾಟೆ ಮಾಡದವನೂ ಆ ಕೋಟು ಹಾಕಿದ್ದರೆ ಗಲಾಟೆಯವನೇ. ನಮ್ಮಲ್ಲೂ ಇದು ಇದೆ. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಊರಿನ ಕಟಿಂಗ್ ಶಾಪಿನವರಿಗೆ ಪತ್ರ ಬರೆದು, ಮಕ್ಕಳಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ ಅಂತ ಕೇಳಿಕೊಂಡಿದ್ದರು. ಮಕ್ಕಳು ಓದಲಿ ಅನ್ನುವ ಕಾಳಜಿ ಅದು, ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಕೂದಲಿಗೂ ನಡತೆಗೂ ಒಮ್ಮೆ ಗಂಟು ಬಿತ್ತು ಅಂದರೆ ಆಮೇಲೆ ಬಿಡಿಸುವುದು ಕಷ್ಟ.

ನಾನು ಹೇಳುತ್ತಿರುವ ಕಾಲೇಜಿನಲ್ಲಿ ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿದರು. ಆ ಕಟಿಂಗ್ ಇದ್ದವನ ಹೆಸರು ಪುಸ್ತಕದಲ್ಲಿ ಬರೆದು ವಾಪಸ್ ಕಳಿಸುವುದು. ಮೊದಲ ವಾರ 6 ಹೆಸರು. ನಾಲ್ಕನೇ ವಾರ 19. ಪ್ರಿನ್ಸಿಪಾಲರು ಆ ಪುಸ್ತಕವನ್ನು ನನ್ನ ಮುಂದೆ ಇಟ್ಟು, "ನೋಡಿ ಮೇಡಂ, ಹೇಗೆ ಏರ್ತಿದೆ" ಅಂದರು. ಅವರ ಮುಖದಲ್ಲಿ ನಿಜವಾದ ಆತಂಕ ಇತ್ತು.

ಪುಸ್ತಕವನ್ನು ಪುಟ ಪುಟ ತಿರುಗಿಸಿದೆವು. ನಾಲ್ಕನೇ ವಾರದ 19ರಲ್ಲಿ 11 ಹೆಸರು ಮೊದಲೇ ಬಂದಿದ್ದವು. ನುಣ್ಣಗೆ ತೆಗೆಸಿದ ಕೂದಲು ವಾರದಲ್ಲಿ ಬೆಳೆಯುವುದಿಲ್ಲ ಅಲ್ವಾ? ಹಾಗಾಗಿ ಅದೇ ಹುಡುಗ ಮತ್ತೆ ಮತ್ತೆ ಎಣಿಕೆಗೆ ಸಿಕ್ಕಿದ್ದ. ಉಳಿದ 8ರಲ್ಲಿ ಐದು 'ತಡ', 'ಐಡಿ ಕಾರ್ಡ್ ಇಲ್ಲ' ಅಂತ ಇದ್ದವು. ಇವು ಮೊದಲೂ ಆಗುತ್ತಿದ್ದವು, ಬರೆಯುವವರು ಇರಲಿಲ್ಲ ಅಷ್ಟೆ. ಗೇಟಿನಲ್ಲಿ ಕಣ್ಣು ಜಾಸ್ತಿಯಾದಾಗ ಪುಸ್ತಕದಲ್ಲಿ ತಪ್ಪು ಜಾಸ್ತಿಯಾಗುತ್ತದೆ. ಯಾರಾದರೂ ಹೀಗೆ ಏರುವ ಲೆಕ್ಕ ತೋರಿಸಿದರೆ ನಾನು ಮೊದಲು ಕೇಳುವುದು, ಬರೆಯಲು ಶುರು ಮಾಡಿದ್ದು ಯಾವಾಗ, ಒಬ್ಬನನ್ನೇ ಎಷ್ಟು ಸಲ ಬರೆದಿದ್ದೀರಿ ಅಂತ.

ವಾಪಸ್ ಕಳಿಸಿದ ಹುಡುಗರು ಎಲ್ಲಿ ಹೋದರು? ಆಲೂರು, ಅರಕಲಗೂಡು ಕಡೆಯ ಹಳ್ಳಿಗಳಿಂದ ಬರುವವರೇ ಹೆಚ್ಚು. "ನಮ್ಮೂರಿಗೆ ಬಸ್ಸು ಸಂಜೆನೇ ಇರೋದು ಮೇಡಂ. ಮನೆಗೋದ್ರೆ ಅಪ್ಪ ಬೈತಾರೆ" ಅಂದ ಒಬ್ಬ. ಹಾಗಾಗಿ ಎದುರಿನ ಟೀ ಅಂಗಡಿಯಲ್ಲಿ ಕೂತರು. ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ, ಬೇರೆ ಬೇರೆ ಸೆಕ್ಷನ್ನಿನವರು. ಗೇಟು ಅವರನ್ನು ಒಂದು ಕಡೆ ತಂದು ಕೂರಿಸಿತು. ಮೂರನೇ ವಾರಕ್ಕೆ 'ಹೆಬ್ಬುಲಿ ಬಾಯ್ಸ್' ಅಂತ ಒಂದು ಗ್ರೂಪ್ ಆಯಿತು. ಹೋಗುವವರು ಬರುವವರು ಟೀ ಅಂಗಡಿ ನೋಡಿ, "ಅಗೋ ಗ್ಯಾಂಗು" ಅಂದರು. 1964ರಲ್ಲೇ ಲೆಸ್ಲಿ ವಿಲ್ಕಿನ್ಸ್ ಎಂಬವರು ಈ ಸುತ್ತನ್ನು ವಿವರಿಸಿದ್ದರು. ಹೊರಗಿಟ್ಟರೆ ಹೊರಗಿನವರು ಒಟ್ಟಾಗುತ್ತಾರೆ, ಒಟ್ಟಾದದ್ದು ನೋಡಿ ಇನ್ನೂ ಹೊರಗಿಡುತ್ತಾರೆ. ಇಂಗ್ಲೆಂಡಿನಲ್ಲೂ ಮೊದಲು ಮಾಡ್ಸ್ ಮತ್ತು ರಾಕರ್ಸ್ ಅಂತ ಇಷ್ಟು ಗಟ್ಟಿ ಬೇರ್ಪಡೆ ಇರಲಿಲ್ಲ. ಸುದ್ದಿ ಓದಿದ ಮೇಲೆ ಹುಡುಗರೇ ಪಕ್ಷ ಹಿಡಿದರು.

ಗಾಂಜಾ ವಿಷಯ. ಕಂಡವರು ಯಾರು ಅಂತ ಕೇಳಿದೆ. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಅವರು ಮತ್ತೊಬ್ಬರದು. ನಾಲ್ಕು ಜನ ದಾಟಿದ ಮೇಲೆ ಸಿಕ್ಕಿದ್ದು ಅದೇ ವಾಟ್ಸಾಪ್ ಮೆಸೇಜು. ಅದರಲ್ಲೂ ಗಾಂಜಾ ಅನ್ನುವ ಪದ ಇರಲಿಲ್ಲ. "ಎಚ್ಚರ" ಅಂತಷ್ಟೇ ಇತ್ತು, ಉಳಿದದ್ದನ್ನು ಓದಿದವರು ತುಂಬಿಕೊಂಡಿದ್ದರು.

ಹಾಗಂತ ಸುಮ್ನೆ ಎಲ್ಲವನ್ನೂ ಪ್ಯಾನಿಕ್ ಅಂತ ತಳ್ಳಿಹಾಕಿದರೆ ಅದೂ ತಪ್ಪು. ಸಭೆ ಮುಗಿದ ಮೇಲೆ ಒಬ್ಬ ತಾಯಿ ಹಿಂದೆ ಉಳಿದರು. ಮಗ ಹಗಲೆಲ್ಲ ಮಲಗುತ್ತಾನೆ, ಊಟ ಬಿಟ್ಟಿದ್ದಾನೆ, ಡಬ್ಬಿಯಲ್ಲಿಟ್ಟ ದುಡ್ಡು ಕಾಣೆಯಾಗುತ್ತಿದೆ ಅಂದರು. ನಿಜವಾಗಿ ಚಿಂತೆ ಮಾಡಬೇಕಾದ ಹುಡುಗ ಅವನು. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಹೇಳಿದೆ, ಹೋದರು. ಆ ಹುಡುಗನ ಹೆಸರು ಗೇಟಿನ ಪುಸ್ತಕದಲ್ಲಿ ಒಮ್ಮೆಯೂ ಇರಲಿಲ್ಲ. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಅಚ್ಚುಕಟ್ಟಾಗಿ ಬರುತ್ತಿದ್ದ. ಎಲ್ಲರೂ ಕೂದಲು ನೋಡುತ್ತಿದ್ದರಿಂದ ಅವನನ್ನು ಯಾರೂ ನೋಡಲಿಲ್ಲ. ನನಗೆ ಈ ಇಡೀ ಪ್ರಸಂಗದಲ್ಲಿ ಹೆಚ್ಚು ನೋವು ಕೊಟ್ಟದ್ದು ಇದು.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಪುಸ್ತಕದ ಲೆಕ್ಕ ಕಂಡ ಮೇಲೆ ವಾಪಸ್ ಕಳಿಸುವುದನ್ನು ನಿಲ್ಲಿಸಿದರು. ಹೊಡೆದಾಡಿದ ಇಬ್ಬರನ್ನೂ ಅವರ ಅಪ್ಪಂದಿರನ್ನೂ ಕರೆಸಿ ಬೇರೆಯಾಗಿ ಮಾತಾಡಿದರು. ಟೀ ಅಂಗಡಿ ಖಾಲಿಯಾಯಿತು. ಆದರೆ ಬಸ್ಸಿನ ವಿಷಯ ಹೇಳಿದ್ದನಲ್ಲ, ಅರಕಲಗೂಡು ಕಡೆಯ ಹುಡುಗ, ಅವನ ಹಾಜರಿ ಆ ದಿನಗಳಲ್ಲಿ ತುಂಬಾ ಕುಸಿದಿತ್ತು. ಪರೀಕ್ಷೆಗೆ ಕೂರಲು ಬೇಕಾದ 75 ಪರ್ಸೆಂಟ್ ಮುಟ್ಟಲಿಲ್ಲ. ಆ ವರ್ಷ ಅವನು ಪರೀಕ್ಷೆ ಬರೆಯಲಿಲ್ಲ. ಬಸ್ ನಿಲ್ದಾಣದ ಹೊಡೆದಾಟ ನಡೆದ ದಿನ ಅವನು ಊರಲ್ಲಿ ಶುಂಠಿ ಕೀಳಲು ಹೋಗಿದ್ದ.