ಒಳಗಿನಿಂದ ಬಂದ ಸಪ್ತಮಿ

ಶಾಲೆಯ ವ್ಯಾಕರಣದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕೋಷ್ಟಕ ಹಾಕಿ ಬಾಯಿಪಾಠ ಮಾಡಿಸುತ್ತಾರೆ. ಹೀಗಾಗಿ ಅವು ಭಾಷೆ ಹುಟ್ಟಿದಂದಿನಿಂದಲೂ ಹಾಗೆಯೇ ಇದ್ದವೆಂಬ ಭಾವನೆ ನಮ್ಮಲ್ಲಿ ಉಳಿದುಬಿಡುತ್ತದೆ. ‘ಶಿರಸಿಯಲ್ಲಿ’ ಎಂಬುದರ ‘ಅಲ್ಲಿ’ ಪ್ರತ್ಯಯ, ‘ಶಿರಸಿಯ ಹತ್ತಿರ’ ಎಂಬುದರ ‘ಹತ್ತಿರ’ ಬೇರೆ ಪದ ಎಂದು ಗೆರೆ ಎಳೆದು ಮುಂದೆ ಹೋಗುತ್ತೇವೆ. ಆದರೆ ನಾಮಪದದ ಹಿಂದೆ ಬರುವ ಇಂಥ ಸ್ವತಂತ್ರ ಪದಗಳೇ ಕಾಲಕ್ರಮದಲ್ಲಿ ಸವೆದು, ಅಂಟಿಕೊಂಡು, ಪ್ರತ್ಯಯಗಳಾಗುವುದುಂಟು. ಆ ಬದಲಾವಣೆಯನ್ನು ದಾಖಲೆಸಹಿತ ತೋರಿಸಬಲ್ಲ ಭಾಷೆಗಳಲ್ಲಿ ಹಂಗೇರಿಯನ್ ಒಂದು.

ಸುಮಾರು 18 ವಿಭಕ್ತಿಗಳಿವೆ ಎಂದು ಎಣಿಸಲಾಗುವ ಈ ಭಾಷೆಗೂ ಕನ್ನಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಎರಡರ ಕಟ್ಟಡ ಒಂದೇ ಬಗೆಯದು: ನಾಮಪದ ಮೊದಲು, ಸಂಬಂಧ ಹೇಳುವ ಅಂಶ ಆಮೇಲೆ. ‘ಹಾಜ್’ ಎಂದರೆ ಮನೆ, ‘ಹಾಜ್‌ಬನ್’ ಎಂದರೆ ಮನೆಯಲ್ಲಿ. ‘ಕೆರ್ತ್’ ಎಂದರೆ ತೋಟ, ‘ಕೆರ್ತ್‌ಬೆನ್’ ಎಂದರೆ ತೋಟದಲ್ಲಿ. ಇಲ್ಲಿ ‘ಬನ್’ ಮತ್ತು ‘ಬೆನ್’ ಬೇರೆ ಬೇರೆ ಪ್ರತ್ಯಯಗಳಲ್ಲ. ನಾಮಪದದ ಸ್ವರ ಬಾಯಿಯ ಹಿಂಭಾಗದಲ್ಲಿ ಹುಟ್ಟುವಂಥದ್ದಾದರೆ ಪ್ರತ್ಯಯದ ಸ್ವರವೂ ಹಾಗೆಯೇ ಆಗುತ್ತದೆ, ಮುಂಭಾಗದ್ದಾದರೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇದನ್ನು ಸ್ವರಸಾಮರಸ್ಯ ಎನ್ನುತ್ತಾರೆ. ‘ಹಿಂದೆ’ ಎಂಬರ್ಥದ ‘ಮೊಗೊತ್ತ್’ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ. ಮನೆಯ ಹಿಂದೆ ಎನ್ನುವಾಗಲೂ ತೋಟದ ಹಿಂದೆ ಎನ್ನುವಾಗಲೂ ಅದರ ರೂಪ ಒಂದೇ. ಆದ್ದರಿಂದ ಸ್ವರಸಾಮರಸ್ಯವು ಅಂಟಿದ ಪ್ರತ್ಯಯ ಯಾವುದು, ಬಿಡಿಪದ ಯಾವುದು ಎಂಬುದನ್ನು ತಿಳಿಸುವ ಒರೆಗಲ್ಲಾಗುತ್ತದೆ.

ಈ ಒರೆಗಲ್ಲನ್ನು ಕೈಯಲ್ಲಿಟ್ಟುಕೊಂಡು 1055ರ ಒಂದು ಶಾಸನಪತ್ರವನ್ನು ನೋಡಬೇಕು. ಬಾಲಟನ್ ಸರೋವರದ ದಂಡೆಯ ತಿಹಾನಿ ಎಂಬಲ್ಲಿ ಕ್ರೈಸ್ತ ಮಠವೊಂದನ್ನು ಸ್ಥಾಪಿಸಿದ ದೊರೆ ಒಂದನೆಯ ಆಂದ್ರಾಶ್ ಬರೆಯಿಸಿದ ಪತ್ರ ಅದು. ಭಾಷೆ ಲ್ಯಾಟಿನ್ ಆದರೂ, ದಾನಕೊಟ್ಟ ಭೂಮಿಯ ಎಲ್ಲೆಗಳನ್ನು ಹೇಳುವಾಗ ಬರೆದವನು ಊರವರ ಮಾತನ್ನೇ ಬಳಸಿದ್ದಾನೆ. ನಮ್ಮ ದಾನಶಾಸನಗಳಲ್ಲಿ ಸಂಸ್ಕೃತ ಶ್ಲೋಕಗಳ ನಡುವೆ ಹೊಲದ ಗಡಿ ಬಂದೊಡನೆ ಕನ್ನಡ ಇಣುಕುವುದನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು. ಅಲ್ಲಿ ‘ಫೆಹೇರ್ವಾರಿಗೆ ಹೋಗುವ ದಂಡಿನ ದಾರಿಗೆ’ ಎಂಬರ್ಥದ ಒಂದು ಪದಗುಚ್ಛವಿದೆ. ಇಂದಿನ ಹಂಗೇರಿಯನ್‌ನಲ್ಲಿ ಆ ಎರಡು ಪದಗಳು ‘ಫೆಹೇರ್ವಾರ್‌ರ’ ಮತ್ತು ‘ಊತ್‌ರ’ ಎಂದಾಗುತ್ತವೆ. ‘ರ’ ಅಲ್ಲಿನ ಪ್ರತ್ಯಯ, ಮುಂಭಾಗದ ಸ್ವರ ಬಂದರೆ ಅದು ‘ರೆ’. ಆದರೆ 1055ರ ಪತ್ರದಲ್ಲಿ ಎರಡೂ ಕಡೆ ಇರುವುದು ‘ರೆಯಾ’. ಅದು ಎರಡಕ್ಷರದ ಪೂರ್ಣ ಪದ. ಹಿಂಭಾಗದ ಸ್ವರವುಳ್ಳ ನಾಮಪದಗಳ ಪಕ್ಕದಲ್ಲಿದ್ದರೂ ತನ್ನ ‘ಎ’ಕಾರವನ್ನು ಬಿಟ್ಟುಕೊಟ್ಟಿಲ್ಲ. ಅಂದರೆ ಹನ್ನೊಂದನೆಯ ಶತಮಾನದಲ್ಲಿ ಅದಿನ್ನೂ ನಮ್ಮ ‘ಮೇಲೆ’, ‘ಹತ್ತಿರ’ಗಳಂತೆ ಬಿಡಿಯಾಗಿಯೇ ನಿಂತಿತ್ತು.

ಒಳಗೆ ಎಂಬರ್ಥದ ‘ಬನ್-ಬೆನ್’ ಕೂಡ ಇದೇ ದಾರಿಯಲ್ಲಿ ಬಂದದ್ದು. ಅದರ ಮೂಲದಲ್ಲಿರುವ ‘ಬೇಲ್’ ಎಂಬ ನಾಮಪದಕ್ಕೆ ಒಳಭಾಗ ಎಂದೂ ಕರುಳು ಎಂದೂ ಅರ್ಥವಿದೆ. ಹನ್ನೆರಡನೆಯ ಶತಮಾನದ ಕೊನೆಯ ಭಾಗದ, ಸತ್ತವರಿಗಾಗಿ ಓದುತ್ತಿದ್ದ ಒಂದು ಪ್ರವಚನದಲ್ಲಿ ‘ಲೋಕದೊಳಕ್ಕೆ’ ಎನ್ನಲು ‘ವಿಲಾಗ್‌ಬೆಲೆ’ ಎಂದಿದೆ. ಇಂದು ಅದು ‘ವಿಲಾಗ್‌ಬ’. ‘ಬೆಲೆ’ಯ ಅರ್ಧ ಹೋಗಿ, ಉಳಿದರ್ಧ ನಾಮಪದದ ಸ್ವರಕ್ಕೆ ಹೊಂದಿಕೊಂಡಿತು. ಮೊದಲು ಉಚ್ಚಾರಣೆ ಮೊಟಕಾಗುವುದು, ಆಮೇಲೆ ಸ್ವರ ಪಕ್ಕದ ಪದಕ್ಕೆ ಶರಣಾಗುವುದು ಎಂಬ ಎರಡು ಹೆಜ್ಜೆಗಳನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು.

ಈಗ ಶಿರಸಿ ತಾಲೂಕಿಗೆ ಬರೋಣ. ಹತ್ತನೆಯ ಶತಮಾನದ ಪಂಪ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದದ್ದು ‘ಬನವಾಸಿ ದೇಶದೊಳ್’. ಈ ‘ಒಳ್’ ಹಳಗನ್ನಡದ ಸಪ್ತಮೀ ಪ್ರತ್ಯಯ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನೂ ಅದನ್ನು ಏಳನೆಯ ವಿಭಕ್ತಿಯ ಸ್ಥಾನದಲ್ಲಿಯೇ ಇಟ್ಟಿದ್ದಾನೆ. ಅದು ‘ಒಳ’, ‘ಒಳಗು’ ಎಂಬ ಮಾತುಗಳ ನೆಂಟನೆಂಬುದು ಕೇಳಿದೊಡನೆ ತಿಳಿಯುತ್ತದೆ. ಹಂಗೇರಿಯನ್ ‘ಬೇಲ್’ ಮಾಡಿದ ಕೆಲಸವನ್ನೇ ಕನ್ನಡದಲ್ಲಿ ‘ಒಳ್’ ಮಾಡಿದೆ. ಕಾರವಾರದ ಪೇಟೆಯಲ್ಲಿ ಕನ್ನಡದಷ್ಟೇ ಕೇಳಿಬರುವ ಕೊಂಕಣಿಯ ‘ಘರಾಂತ್’, ಅಂದರೆ ಮನೆಯಲ್ಲಿ, ಎಂಬುದರ ಕೊನೆಯಲ್ಲಿರುವುದೂ ಸಂಸ್ಕೃತದ ‘ಅಂತರ್’ ಎಂಬುದರ ಸವೆದ ರೂಪ. ಮೂರು ಬೇರೆ ಬೇರೆ ಭಾಷಾಕುಲಗಳು ಸಪ್ತಮಿಗಾಗಿ ಒಳಭಾಗವನ್ನೇ ಹುಡುಕಿಕೊಂಡು ಹೋದದ್ದು ಕಾಕತಾಳೀಯವಲ್ಲ. ಇರುವಿಕೆಯನ್ನು ಹೇಳುವುದಕ್ಕೆ ಪಾತ್ರೆ, ಮನೆ, ಎಲ್ಲೆಗಳಿಗಿಂತ ಹತ್ತಿರದ ಸಾಮಗ್ರಿ ಮಾತನಾಡುವವನ ಬಳಿ ಇರುವುದಿಲ್ಲ.

ಹೊಸಗನ್ನಡದಲ್ಲಿ ‘ಒಳ್’ನ ಜಾಗಕ್ಕೆ ‘ಅಲ್ಲಿ’ ಬಂದಿದೆ. ಇದರ ರೂಪ ‘ಅಲ್ಲಿ ನೋಡು’ ಎನ್ನುವಾಗಿನ ‘ಅಲ್ಲಿ’ಯದೇ. ‘ಕಾರವಾರಕ್ಕೆ’ ಎನ್ನುವಾಗ ‘ಕ್ಕೆ’ ನೇರವಾಗಿ ನಾಮಪದಕ್ಕೆ ಹತ್ತುತ್ತದೆ. ‘ಕಾರವಾರದಲ್ಲಿ’ ಎನ್ನುವಾಗ ಮಾತ್ರ ನಡುವೆ ಒಂದು ದಕಾರವಿದೆ, ‘ಕಾರವಾರದ ಹತ್ತಿರ’ ಎಂಬಲ್ಲಿರುವಂತೆಯೇ. ಷಷ್ಠಿಯ ಮೇಲೆ ಸ್ವತಂತ್ರ ಪದವೊಂದು ಬಂದು ಕೂತಿತ್ತು ಎನ್ನಲು ಇದೊಂದು ಸುಳಿವು. ಆದರೆ ‘ಕಾರವಾರದಿಂದ’ ಎಂಬಲ್ಲಿಯೂ ದಕಾರ ಇರುವುದರಿಂದ ಇದೊಂದನ್ನೇ ನೆಚ್ಚುವಂತಿಲ್ಲ. ನೆಚ್ಚಬಹುದಾದದ್ದು ಸವೆತ. ಮಾತಿನಲ್ಲಿ ‘ಶಿರಸಿಯಲ್ಲಿ’ ಎಂಬುದು ‘ಶಿರಸೀಲಿ’ ಆಗುತ್ತದೆ, ‘ಮನೆಯಲ್ಲಿ’ ಎಂಬುದು ‘ಮನೇಲಿ’ ಆಗುತ್ತದೆ. ಆದರೆ ‘ಅಲ್ಲಿ ನೋಡು’ ಎಂಬುದು ಎಷ್ಟು ಅವಸರದಲ್ಲಿಯೂ ‘ಲಿ ನೋಡು’ ಆಗುವುದಿಲ್ಲ. ‘ಶಿರಸಿಯ ತೀರಾ ಹತ್ತಿರ’ ಎಂದು ನಡುವೆ ಪದ ತೂರಿಸಬಹುದು. ‘ಶಿರಸಿಯ’ ಮತ್ತು ‘ಅಲ್ಲಿ’ಯ ನಡುವೆ ಏನನ್ನು ತೂರಿಸಿದರೂ ಸಪ್ತಮಿಯ ಅರ್ಥ ಉಳಿಯುವುದಿಲ್ಲ. ಹಾಗಿದ್ದರೂ ಅದು ಹಂಗೇರಿಯನ್ ಪ್ರತ್ಯಯದಷ್ಟು ಬಿಗಿಯಾಗಿಲ್ಲ. ‘ಕುಮಟಾ ಮತ್ತು ಶಿರಸಿಯಲ್ಲಿ ಮಳೆ’ ಎಂದು ನಾವು ಎರಡು ಊರಿಗೆ ಒಂದೇ ಪ್ರತ್ಯಯ ಹಾಕಿ ಸುಮ್ಮನಾಗುತ್ತೇವೆ. ಹಂಗೇರಿಯನ್ನರು ಸಾಮಾನ್ಯವಾಗಿ ಪ್ರತಿಯೊಂದು ಹೆಸರಿಗೂ ಪ್ರತ್ಯಯ ಹಚ್ಚುತ್ತಾರೆ. ನಮ್ಮಲ್ಲಿ ಸ್ವರಸಾಮರಸ್ಯದ ಒರೆಗಲ್ಲೂ ಇಲ್ಲ.

ಇನ್ನು ಪಂಚಮಿಯ ಕಥೆ ತುಸು ನಗು ತರಿಸುತ್ತದೆ. ‘ದೆಸೆಯಿಂದ’ ಎಂದು ಮಕ್ಕಳು ಒಪ್ಪಿಸುವ ಪ್ರತ್ಯಯದಲ್ಲಿ ‘ದೆಸೆ’ ಎಂದರೆ ದಿಕ್ಕು, ‘ಇಂದ’ ಎಂದರೆ ಅದೇ ತೃತೀಯೆ. ಹಳೆಯ ‘ಅತ್ತಣಿಂ’ ಕೂಡ ‘ಅತ್ತ’ದ ಮೇಲೆ ಕೂತ ‘ಇಂ’. ಸಂಸ್ಕೃತದ ಪಟ್ಟಿಯಲ್ಲಿ ಐದನೆಯ ಮನೆ ಖಾಲಿ ಉಳಿಯಬಾರದೆಂದು ಬಿಡಿಪದವೊಂದನ್ನು ತಂದು ಕೂರಿಸಿದ್ದು ಇದು ಎಂಬುದು ನನ್ನ ಅಭಿಪ್ರಾಯ.

ಸದ್ಯ ಹೆಜ್ಜೆ ಇಡುತ್ತಿರುವ ಪದ ಯಾವುದೆಂದು ನೋಡಬೇಕಾದರೆ ಕರಾವಳಿಯ ‘ಹತ್ರ’ವನ್ನು ಗಮನಿಸಬಹುದು. ‘ಅವನ ಹತ್ರ ಹೇಳು’ ಎಂದರೆ ಇಲ್ಲಿ ‘ಅವನಿಗೆ ಹೇಳು’ ಎಂದರ್ಥ. ಬೆಂಗಳೂರಿನಲ್ಲಿರುವ ಮಗನ ಹತ್ರ ಫೋನಿನಲ್ಲಿ ಮಾತಾಡಿದೆ ಎಂದು ಅಂಕೋಲೆಯ ತಾಯಿ ಹೇಳುವಾಗ ಸಾಮೀಪ್ಯದ ಅರ್ಥ ಪೂರ್ತಿ ಇಂಗಿದೆ. ‘ಮನೆಯ ತೀರಾ ಹತ್ರ’ ಎನ್ನಬಹುದು. ‘ಮಗನ ತೀರಾ ಹತ್ರ ಫೋನಿನಲ್ಲಿ ಮಾತಾಡಿದೆ’ ಎನ್ನಲಾಗದು. ಒಂದೇ ಪದ ಒಂದು ಅರ್ಥದಲ್ಲಿ ಇನ್ನೂ ಬಿಡಿಯಾಗಿದೆ, ಇನ್ನೊಂದು ಅರ್ಥದಲ್ಲಿ ಆಗಲೇ ಚತುರ್ಥಿಯ ಕೆಲಸಕ್ಕೆ ನಿಂತಿದೆ. ಉಚ್ಚಾರಣೆಯೂ ‘ಹತ್ತಿರ’ದಿಂದ ‘ಹತ್ರ’ಕ್ಕೆ ಇಳಿದಾಗಿದೆ. ನಾಮಪದಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುವುದೊಂದು ಬಾಕಿ.