ಕಾರಿನ ಎಸಿ ‘ಗ್ಯಾಸ್’: ಗೇಜು ಹೇಳದ ಲೆಕ್ಕ

ಕಾರಿನ ಎಸಿ ಸರಿಯಾಗಿ ತಂಪಾಗುತ್ತಿಲ್ಲ ಎಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಗ್ಯಾಸ್ ಕಡಿಮೆಯಾಗಿದೆ, ಟಾಪ್‌ಅಪ್ ಮಾಡಿಸಿ.’ ಈ ಮಾತಿನಲ್ಲಿರುವ ‘ಗ್ಯಾಸ್’ ಮತ್ತು ‘ಟಾಪ್‌ಅಪ್’ ಎಂಬ ಎರಡು ಪದಗಳೂ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತವೆ.

ಗ್ಯಾಸ್ ಎಂದು ಕರೆಯುವ ವಸ್ತುವಿನ ಸರಿಯಾದ ಹೆಸರು ರೆಫ್ರಿಜರೆಂಟ್, ಕನ್ನಡದಲ್ಲಿ ಶೀತಕ. ಸೂಜಿ ಚುಚ್ಚುವ ಮುನ್ನ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗೆನಿಸುವುದು ಏಕೆ? ಸ್ಪಿರಿಟ್ ಆವಿಯಾಗುತ್ತ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪೊರೇಟರ್‌ನಲ್ಲಿ ನಡೆಯುವುದೂ ಅದೇ. ದ್ರವರೂಪದ ಶೀತಕ ಅಲ್ಲಿ ಕುದಿದು ಆವಿಯಾಗುತ್ತ ಕಾರಿನೊಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಅದನ್ನು ಮತ್ತೆ ದ್ರವವಾಗಿಸುತ್ತದೆ. ಶೀತಕ ಹೀಗೆ ಸುತ್ತುತ್ತಲೇ ಇರುತ್ತದೆ, ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ರಬ್ಬರ್ ಹೋಸು, ಸೀಲುಗಳ ಮೂಲಕ ವರ್ಷಕ್ಕೆ ಅಲ್ಪಸ್ವಲ್ಪ ಜಿನುಗುವುದು ಸಹಜ. ಒಂದೇ ಬೇಸಿಗೆಯಲ್ಲಿ ಎರಡು ಬಾರಿ ತುಂಬಿಸಬೇಕಾಯಿತು ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಕಾರುಗಳ ಮಟ್ಟಿಗೆ ಮುಖ್ಯವಾದ ಶೀತಕಗಳು ಮೂರು. ಮೊದಲು ಬಂದದ್ದು ಆರ್-12. ಅದು ಓಜೋನ್ ಪದರವನ್ನು ಕೊರೆಯುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ನಿಂತುಹೋಯಿತು. ಅದರ ಜಾಗಕ್ಕೆ ಬಂದ ಆರ್-134ಎ ಇಂದಿಗೂ ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿದೆ. ಓಜೋನಿಗೆ ಅದರಿಂದ ತೊಂದರೆಯಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಹಾಗಾಗಿ ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ತುಂಬುವಂತಿಲ್ಲ. ಅಲ್ಲಿ ಈಗಿನದು ಆರ್-1234ವೈಎಫ್. ಅಮೆರಿಕದ ಹೊಸ ಕಾರುಗಳಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ಎಸಿ ರಿಪೇರಿಯ ಬಿಲ್ ನೋಡಿ ಬೆಚ್ಚಿಬೀಳುವುದಕ್ಕೆ ಈ ಶೀತಕದ ದುಬಾರಿ ಬೆಲೆಯೂ ಒಂದು ಕಾರಣ.

ಒಂದರ ಬದಲು ಇನ್ನೊಂದನ್ನು ಹಾಕಿದರೇನು? ‘ಹಾಕಿದರೆ ತಂಪಾಗುವುದೇ ಇಲ್ಲ’ ಎಂದು ಹೆದರಿಸುವವರಿದ್ದಾರೆ, ಅದು ನಿಜವಲ್ಲ. ಮೂರರ ಒತ್ತಡವೂ ಹತ್ತಿರಹತ್ತಿರವೇ ಇರುವುದರಿಂದ ಹಾಕಿದ ದಿನ ತಂಪಾದ ಗಾಳಿ ಬಂದೇ ಬರುತ್ತದೆ. ಮೋಸವಾಗುವುದೂ ಅಲ್ಲಿಯೇ. ನಿಜವಾದ ತೊಡಕಿರುವುದು ಎಣ್ಣೆಯಲ್ಲಿ. ಕಂಪ್ರೆಸರಿಗೆ ಎಂಜಿನ್ನಿನ ಹಾಗೆ ಎಣ್ಣೆ ಹಾಯಿಸುವ ಬೇರೆ ಏರ್ಪಾಡು ಇಲ್ಲ, ಶೀತಕವೇ ಎಣ್ಣೆಯನ್ನು ತನ್ನಲ್ಲಿ ಕರಗಿಸಿಕೊಂಡು ಹೊತ್ತು ತಂದು ಕೊಡಬೇಕು. ಆರ್-12ರ ಕಾಲದ್ದು ಖನಿಜ ಎಣ್ಣೆ. ಆ ಎಣ್ಣೆ ಆರ್-134ಎಯಲ್ಲಿ ಕರಗುವುದಿಲ್ಲ. ಹಳೆಯ ಕಾರಿಗೆ ಹೊಸ ಶೀತಕ ಸುರಿದರೆ ಎಣ್ಣೆ ಇವಾಪೊರೇಟರಿನ ತಳದಲ್ಲಿ ಕುಳಿತುಬಿಡುತ್ತದೆ, ಕಂಪ್ರೆಸರ್ ಒಣಗಿದ ಗಂಟಲಲ್ಲಿ ಓಡುತ್ತ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಗ್ಯಾಸಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಆರ್-134ಎಗೆ ಬದಲಾಯಿಸಬಹುದು, ಆದರೆ ಹಳೆಯ ಎಣ್ಣೆ ತೊಳೆದು ಹೊಸ ಜಾತಿಯದು ಹಾಕಿ, ಸೀಲು ಮತ್ತು ತೇವ ಹೀರುವ ಡ್ರೈಯರ್ ಬದಲಿಸಿದ ಮೇಲೆ. ಆಗಲೂ ತುಂಬುವುದು ಹಳೆಯ ತೂಕದ ಶೇಕಡಾ 80ರಿಂದ 90ರಷ್ಟನ್ನು ಮಾತ್ರ.

ಆರ್-134ಎ ಮತ್ತು ಆರ್-1234ವೈಎಫ್ ನಡುವೆ ಇನ್ನೊಂದು ತೊಡಕಿದೆ. ಎರಡನೆಯದು ನಿಧಾನವಾಗಿಯಾದರೂ ಹೊತ್ತಿಕೊಳ್ಳಬಲ್ಲದು. ಅದಕ್ಕಾಗಿ ವಿನ್ಯಾಸಗೊಳ್ಳದ ಹಳೆಯ ಕಾರಿಗೆ ಅದನ್ನು ಹಾಕುವುದು ತರವಲ್ಲ. ಉಲ್ಟಾ ಮಾಡಿದರೆ, ಅಂದರೆ ಹೊಸ ಕಾರಿಗೆ ಅಗ್ಗವೆಂದು ಹಳೆಯದನ್ನು ಸುರಿದರೆ, ಒಳಗೆ ಬೆರಕೆಯಾಗುತ್ತದೆ. ಬೆರಕೆಯಾದದ್ದನ್ನು ಮುಂದಿನ ಗ್ಯಾರೇಜಿನ ಯಂತ್ರ ಹೀರಿಕೊಂಡರೆ ಅದರ ಸಿಲಿಂಡರ್ ಪೂರ್ತಿ ಕೆಡುತ್ತದೆ. ಇದನ್ನು ತಪ್ಪಿಸಲೆಂದೇ ಒಂದೊಂದು ಶೀತಕಕ್ಕೂ ಸರ್ವಿಸ್ ಬಾಯಿಯ ಅಳತೆಯನ್ನೇ ಬೇರೆ ಮಾಡಿಟ್ಟಿದ್ದಾರೆ. ಮೆಕ್ಯಾನಿಕ್ ಅಡಾಪ್ಟರ್ ಹುಡುಕತೊಡಗಿದರೆ ಅಲ್ಲಿಗೇ ತಡೆಯಿರಿ.

ಇನ್ನು ಎಷ್ಟು ಹಾಕಬೇಕು ಎಂಬ ಪ್ರಶ್ನೆ. ಅಡುಗೆಮನೆಯ ಎಲ್‌ಪಿಜಿ ಸಿಲಿಂಡರನ್ನು ನೆನಪಿಸಿಕೊಳ್ಳಿ. ಹೊಸದಾಗಿದ್ದಾಗಲೂ ಅರ್ಧ ಮುಗಿದಾಗಲೂ ಉರಿ ಒಂದೇ ರೀತಿ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಅದನ್ನು ಎತ್ತಿ ನೋಡುತ್ತೇವೆ, ಅಂದರೆ ತೂಗುತ್ತೇವೆ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಒತ್ತಡ ತಾಪಮಾನವನ್ನು ಅವಲಂಬಿಸಿರುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಎಂಜಿನ್ ಆರಿ ತಣ್ಣಗಾದ ಕಾರಿನ ಎಸಿಗೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು ಹಚ್ಚಿದರೆ ಆರ್-134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗಿರುವುದು 200 ಗ್ರಾಂ ಆದರೂ ಅಷ್ಟೇ, 450 ಗ್ರಾಂ ಆದರೂ ಅಷ್ಟೇ. ಎಸಿ ಓಡುವಾಗ ಸಿಗುವ ಒತ್ತಡವಾದರೋ ಅಂದಿನ ಬಿಸಿಲು, ಫ್ಯಾನಿನ ವೇಗ, ಕಂಡೆನ್ಸರಿನ ಕೊಳೆ ಎಲ್ಲದಕ್ಕೂ ತಕ್ಕಂತೆ ಏರಿಳಿಯುತ್ತದೆ. ಅದು ದೋಷ ಪತ್ತೆಗೆ ಉಪಯೋಗಕ್ಕೆ ಬರುತ್ತದೆ, ಗ್ರಾಂ ಹೇಳುವುದಿಲ್ಲ. ಬಾನೆಟ್ಟಿನ ಅಡಿಯಲ್ಲಿರುವ ಚೀಟಿಯಲ್ಲಿ ಶೀತಕದ ಹೆಸರಿನ ಪಕ್ಕ ತೂಕವನ್ನೇ ಬರೆದಿರುವುದು ಇದಕ್ಕಾಗಿಯೇ.

ಈ ಪಾಠ ನನಗೆ ದುಡ್ಡು ತೆತ್ತು ಕಲಿತದ್ದು. ಹಿಂದೊಂದು ಏಪ್ರಿಲ್‌ನಲ್ಲಿ ನನ್ನ ಸಣ್ಣ ಕಾರಿನ ಎಸಿ ಸೊರಗಿತು. ಚೀಟಿಯಲ್ಲಿದ್ದುದು ಆರ್-134ಎ, 450 ಗ್ರಾಂ, ಹೆಚ್ಚೆಂದರೆ 25 ಗ್ರಾಂ ಆಚೀಚೆ. ಮೊದಲ ಗ್ಯಾರೇಜಿನವರು ಗೇಜು ನೋಡುತ್ತ, ಪೈಪನ್ನು ಕೈಯಲ್ಲಿ ಮುಟ್ಟಿ ನೋಡುತ್ತ, ‘ಈಗ ಐಸ್ ಆಯಿತು ಸಾರ್’ ಎನ್ನುವವರೆಗೆ ತುಂಬಿದರು. ಹೆದ್ದಾರಿಯಲ್ಲಿ ಎಸಿ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಕಂಪ್ರೆಸರ್ ಟಕ್ ಎಂದು ಬಿಟ್ಟುಕೊಂಡು ಉಗುರುಬೆಚ್ಚಗಿನ ಗಾಳಿ ಊದುತ್ತಿತ್ತು. ಎರಡನೆಯ ಕಡೆ ಯಂತ್ರ ಹಚ್ಚಿ ಒಳಗಿದ್ದುದನ್ನೆಲ್ಲ ಹೊರತೆಗೆದು ತೂಗಿದಾಗ ಸಿಕ್ಕಿದ್ದು 610 ಗ್ರಾಂ. ಹೆಚ್ಚಾದ 160 ಗ್ರಾಂ ದ್ರವ ಕಂಡೆನ್ಸರಿನ ಕೊಳವೆಗಳಲ್ಲಿ ತುಂಬಿ ಕುಳಿತಿತ್ತು, ಆವಿ ತಣಿಯಲು ಜಾಗವೇ ಉಳಿದಿರಲಿಲ್ಲ. ನಿಂತ ಕಾರಿಗೆ ಎದುರುಗಾಳಿಯೂ ಇಲ್ಲವಾದ್ದರಿಂದ ಒತ್ತಡ ಏರಿ ರಕ್ಷಣಾ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತಿತ್ತು.

ಮೊದಲಿಗೆ ಕಡಿಮೆಯಾದದ್ದಾದರೂ ಏಕೆ ಎಂಬುದು ಇನ್ನೂ ಉಳಿದಿತ್ತು. ಒಳಗೆ ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚುತ್ತ ಹೋದರು. ಕಂಡೆನ್ಸರಿನ ಕೆಳಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಜಿಡ್ಡುಗಟ್ಟಿದ ಧೂಳು ಅಂಟಿತ್ತು. ಶೀತಕದ ಜೊತೆ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗ ಹೀಗೆ ಕಪ್ಪಾಗುತ್ತದೆ. ಒರೆಸಿ ನೊರೆ ಇಟ್ಟರೆ ಸಣ್ಣ ಗುಳ್ಳೆಗಳು ಎದ್ದವು, ಕಲ್ಲೇಟಿನ ಗುರುತು. ಕಂಡೆನ್ಸರ್ ಬದಲಿಸಿ, ಅದರೊಂದಿಗೆ ಹೋದ ಎಣ್ಣೆಯನ್ನು ಅಳೆದು ಸೇರಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿ ಗಾಳಿಯನ್ನೂ ತೇವವನ್ನೂ ಎಳೆದುಹಾಕಿದರು. ಆಮೇಲೆ ತಕ್ಕಡಿಯ ಮೇಲಿಟ್ಟ ಸಿಲಿಂಡರಿನಿಂದ ಸರಿಯಾಗಿ 450 ಗ್ರಾಂ. ಮೊದಲ ಗ್ಯಾರೇಜಿನ ಬಿಲ್ಲಿನಲ್ಲಿ ‘ಎಸಿ ಗ್ಯಾಸ್ – 1’ ಎಂದಷ್ಟೇ ಇತ್ತು. ಇವರ ಬಿಲ್ಲಿನಲ್ಲಿ ತೆಗೆದದ್ದು ಎಷ್ಟು ಗ್ರಾಂ, ಹಾಕಿದ್ದು ಎಷ್ಟು ಗ್ರಾಂ ಎಂದು ಎರಡೂ ಇತ್ತು.